ಡಾಲರ್ ಕೊಂಡವರು ಯಾರು? ಫ್ರೀಲಾನ್ಸರ್‌ಗೆ ವಿದೇಶಿ ಹಣದ ಪ್ರಮಾಣಪತ್ರ ಸಿಗುವ ದಾರಿ

ಅಮೆರಿಕದ ಕ್ಲೈಂಟ್ ದುಡ್ಡು ಹಾಕಿದ್ದಾನೆ, ಖಾತೆಗೆ ಬಂದೂ ಆಗಿದೆ. ಜಿಎಸ್‌ಟಿ ರೀಫಂಡಿಗೆ ಬೇಕೆಂದು ಆಡಿಟರ್ ಎಫ್‌ಐಆರ್‌ಸಿ ಎಂಬ ಪ್ರಮಾಣಪತ್ರ ಕೇಳುತ್ತಾರೆ. ಬ್ಯಾಂಕಿಗೆ ಹೋದರೆ ಕೌಂಟರಿನಲ್ಲಿ ಸಿಗುವ ಉತ್ತರ: “ಸರ್, ಇದು ನಮಗೆ ನೆಫ್ಟ್‌ನಲ್ಲಿ ರೂಪಾಯಿಯಾಗಿ ಬಂದಿದೆ. ಇದಕ್ಕೆ ನಾವು ಸರ್ಟಿಫಿಕೇಟ್ ಕೊಡೋಕಾಗಲ್ಲ.” ಫ್ರೀಲಾನ್ಸರ್ ಇದನ್ನು ಬ್ಯಾಂಕಿನವರ ಉದಾಸೀನ ಎಂದುಕೊಂಡು ಮೇಲಿನವರಿಗೆ ದೂರು ಕೊಡಲು ಹೊರಡುತ್ತಾನೆ. ಹೆಚ್ಚಿನ ಸಂದರ್ಭಗಳಲ್ಲಿ ಕೌಂಟರಿನವರು ಹೇಳಿದ್ದೇ ಸರಿ.

ಯಾಕೆಂದರೆ ಈ ಪ್ರಮಾಣಪತ್ರ ಹುಟ್ಟುವುದು ನಿಮ್ಮ ಖಾತೆ ಎಲ್ಲಿದೆಯೋ ಅಲ್ಲಿ ಅಲ್ಲ. ನಿಮ್ಮ ಡಾಲರನ್ನು ಯಾವ ಬ್ಯಾಂಕ್ ಕೊಂಡು ರೂಪಾಯಿ ಮಾಡಿತೋ ಅಲ್ಲಿ. ವಿದೇಶಿ ವಿನಿಮಯ ವ್ಯವಹಾರಕ್ಕೆ ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಬ್ಯಾಂಕುಗಳನ್ನು ಆಥರೈಸ್ಡ್ ಡೀಲರ್, ಚಿಕ್ಕದಾಗಿ ಎಡಿ ಬ್ಯಾಂಕ್ ಎನ್ನುತ್ತಾರೆ. “ಇಂಥವರಿಂದ, ಇಂಥವರಿಗೆ, ಇಷ್ಟು ವಿದೇಶಿ ಹಣ, ಈ ಉದ್ದೇಶಕ್ಕೆ, ನಮ್ಮ ಮೂಲಕ ಭಾರತಕ್ಕೆ ಬಂತು” ಎಂದು ಹೇಳುವ ಅಧಿಕಾರ ಆ ಹಣವನ್ನು ಮುಟ್ಟಿದ ಎಡಿ ಬ್ಯಾಂಕಿಗೆ ಮಾತ್ರ. ರೂಪಾಯಿಯಾದ ಮೇಲೆ ಅದು ಹತ್ತು ಖಾತೆ ದಾಟಿ ಬಂದರೂ ಮುಂದಿನ ಯಾವ ಬ್ಯಾಂಕಿಗೂ ಅದರ ಹುಟ್ಟು ಗೊತ್ತಿರುವುದಿಲ್ಲ. ಆದ್ದರಿಂದ ಯಾರನ್ನು ಕೇಳಬೇಕು ಎಂಬ ಪ್ರಶ್ನೆಗಿಂತ ಮೊದಲು ಬರುವ ಪ್ರಶ್ನೆ, ನನ್ನ ಡಾಲರ್ ಕೊಂಡವರು ಯಾರು ಎಂಬುದು.

ಹೆಸರುಗಳ ಗೊಂದಲವನ್ನು ಇಲ್ಲೇ ಮುಗಿಸಿಬಿಡೋಣ. ಎಫ್‌ಐಆರ್‌ಸಿ ಎಂದರೆ ವಿದೇಶಿ ಒಳಪಾವತಿಯ ಪ್ರಮಾಣಪತ್ರ. ಮೊದಲು ಅದು ಬ್ಯಾಂಕಿನ ಭದ್ರತಾ ಕಾಗದದ ಮೇಲೆ ಮುದ್ರಣವಾಗಿ, ಸಹಿ-ಮೊಹರಿನೊಂದಿಗೆ ಕೈಗೆ ಸಿಗುತ್ತಿತ್ತು. 2016ರಿಂದ ರಫ್ತಿನ ಹಣಕ್ಕೆ ಆ ಕಾಗದದ ರೂಪ ನಿಂತಿತು. ವಿದೇಶಿ ಬಂಡವಾಳ ಹೂಡಿಕೆಯಂಥ ವ್ಯವಹಾರಗಳಿಗಷ್ಟೇ ಅದು ಉಳಿಯಿತು. ಈಗ ಫ್ರೀಲಾನ್ಸರ್‌ಗೆ ಸಾಮಾನ್ಯವಾಗಿ ಸಿಗುವುದು ಎಫ್‌ಐಆರ್‌ಎ, ಅಂದರೆ ಒಳಪಾವತಿಯ ಸೂಚನಾಪತ್ರ. ಒಂದು ಪುಟದ ಪಿಡಿಎಫ್. ಬಾಯಿಮಾತಿನಲ್ಲಿ ಎಲ್ಲರೂ ಇದನ್ನೂ ಎಫ್‌ಐಆರ್‌ಸಿ ಎಂದೇ ಕರೆಯುತ್ತಾರೆ, ಜಿಎಸ್‌ಟಿ ಕಚೇರಿಯವರೂ. ಇಬಿಆರ್‌ಸಿ ಮಾತ್ರ ಬೇರೆಯದು. “ಹಣ ಬಂತು” ಎನ್ನುವುದು ಎಫ್‌ಐಆರ್‌ಎ; “ಈ ಇನ್‌ವಾಯ್ಸಿನ ರಫ್ತಿಗೇ ಈ ಹಣ ಬಂತು” ಎನ್ನುವುದು ಇಬಿಆರ್‌ಸಿ. ಅದಕ್ಕೆ ಮುಂದೆ ಬರೋಣ.

ಬ್ಯಾಂಕಿಗೆ ನೇರವಾಗಿ ಬರುವ ವೈರ್

ಕ್ಲೈಂಟ್ ತನ್ನ ಬ್ಯಾಂಕಿನಿಂದ ಸ್ವಿಫ್ಟ್ ಎಂಬ ಬ್ಯಾಂಕುಗಳ ಸಂದೇಶ ಜಾಲದ ಮೂಲಕ ಡಾಲರ್ ಕಳಿಸಿದರೆ, ನಿಮ್ಮ ಖಾತೆ ಇರುವ ಬ್ಯಾಂಕೇ ಸಾಮಾನ್ಯವಾಗಿ ಡಾಲರ್ ಕೊಳ್ಳುತ್ತದೆ. ಪ್ರಮಾಣಪತ್ರದ ಮಟ್ಟಿಗೆ ಇದಕ್ಕಿಂತ ಸರಳ ದಾರಿ ಇಲ್ಲ. ದರದ ಮಟ್ಟಿಗೆ ಅಷ್ಟು ಒಳ್ಳೆಯದಲ್ಲ.

ಹಣ ಹೊರಡುವ ಮೊದಲೇ ಮೂರು ಹೆಸರುಗಳು ಒಂದೇ ಆಗಿವೆಯೇ ನೋಡಿಕೊಳ್ಳಿ: ಇನ್‌ವಾಯ್ಸಿನ ಮೇಲಿರುವುದು, ಬ್ಯಾಂಕ್ ಖಾತೆಯದು, ಜಿಎಸ್‌ಟಿ ನೋಂದಣಿ ಇದ್ದರೆ ಅದರಲ್ಲಿರುವುದು. ಇನ್‌ವಾಯ್ಸಿನಲ್ಲಿ ಸ್ಟುಡಿಯೋದ ಹೆಸರು, ಖಾತೆಯಲ್ಲಿ ಸ್ವಂತ ಹೆಸರು ಇದ್ದರೆ ಹಣ ತಡೆದು ನಿಲ್ಲಬಹುದು. ನಿಲ್ಲದಿದ್ದರೆ ಇನ್ನೂ ಕಷ್ಟ, ಏಕೆಂದರೆ ಪ್ರಮಾಣಪತ್ರ ಬರುವುದು ಖಾತೆಯ ಹೆಸರಿಗೆ, ಪ್ರಶ್ನೆ ಏಳುವುದು ಎರಡು ವರ್ಷದ ನಂತರ. ಹಾಗೆಯೇ ಪಾವತಿಯ ವಿವರದ ಜಾಗದಲ್ಲಿ ಇನ್‌ವಾಯ್ಸ್ ಸಂಖ್ಯೆ ಹಾಕಿ ಕಳಿಸುವಂತೆ ಕ್ಲೈಂಟಿಗೆ ಹೇಳಿ. ಅವನು ಬರೆದ ಆ ಅರ್ಧ ಸಾಲು ಸ್ವಿಫ್ಟ್ ಸಂದೇಶದೊಂದಿಗೆ ನಿಮ್ಮ ಬ್ಯಾಂಕಿನವರೆಗೆ ಬರುತ್ತದೆ.

ಹಣ ತಲುಪಿದಾಗ ಬ್ಯಾಂಕಿನಿಂದ ಒಂದು ಇಮೇಲ್ ಅಥವಾ ಸಂದೇಶ ಬರುತ್ತದೆ: ಇಷ್ಟು ಡಾಲರ್ ಬಂದಿದೆ, ಏನು ಮಾಡಬೇಕು ತಿಳಿಸಿ. ಇದಕ್ಕೆ ಡಿಸ್ಪೋಸಲ್ ಇನ್‌ಸ್ಟ್ರಕ್ಷನ್ ಎನ್ನುತ್ತಾರೆ. ಇನ್‌ವಾಯ್ಸಿನ ಪ್ರತಿ, ಬ್ಯಾಂಕಿನದೇ ನಮೂನೆಯ ಒಂದು ಘೋಷಣೆ, ಮತ್ತು ಪರ್ಪಸ್ ಕೋಡ್ ಕೊಡಬೇಕು. ಉತ್ತರ ಕೊಡದೆ ಬಿಟ್ಟರೆ ಡಾಲರ್ ಬ್ಯಾಂಕಿನ ಬಳಿಯೇ ಕೂತಿರುತ್ತದೆ, ಕೊನೆಗೆ ಕಳಿಸಿದವನಿಗೇ ವಾಪಸ್ ಹೋಗುವುದೂ ಉಂಟು. ಮೊದಲ ಸಲ ಈ ಇಮೇಲ್ ಸ್ಪ್ಯಾಮ್ ಫೋಲ್ಡರಿನಲ್ಲಿ ಬಿದ್ದು ವಾರಗಟ್ಟಲೆ ಹಣ ಬಾರದೆ ಒದ್ದಾಡುವುದು ತೀರಾ ಮಾಮೂಲಿ.

ಪರ್ಪಸ್ ಕೋಡ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ದೇಶಕ್ಕೆ ಬರುವ ಪ್ರತಿ ವಿದೇಶಿ ಪಾವತಿಗೂ ರಿಸರ್ವ್ ಬ್ಯಾಂಕ್ ಒಂದು ಉದ್ದೇಶದ ಸಂಕೇತ ಇಟ್ಟಿದೆ. ಸಾಫ್ಟ್‌ವೇರ್ ಸಲಹೆ ಮತ್ತು ಅಳವಡಿಕೆಗೆ P0802, ಡೇಟಾ ಸಂಸ್ಕರಣೆಗೆ P0803, ಇಲ್ಲೇ ಕೂತು ಬರೆದು ರಫ್ತು ಮಾಡುವ ಸಾಫ್ಟ್‌ವೇರಿಗೆ P0807, ವ್ಯವಹಾರ-ಆಡಳಿತ ಸಲಹೆಗೆ P1006, ಜಾಹೀರಾತು ಕೆಲಸಕ್ಕೆ P1007. ನಿಮ್ಮ ಕೆಲಸಕ್ಕೆ ಇವುಗಳಲ್ಲಿ ಎರಡು ಹೊಂದಿದರೆ ಹತ್ತಿರದ್ದನ್ನು ಹಿಡಿದು ಪ್ರತಿ ಸಲವೂ ಅದನ್ನೇ ಬಳಸಿ; ಅದರಿಂದ ದೊಡ್ಡ ತೊಂದರೆಯಿಲ್ಲ. ತೊಂದರೆ ಬರುವುದು P1301ರಿಂದ. ಅದು ವಿದೇಶದಲ್ಲಿರುವ ಭಾರತೀಯರು ಮನೆಯವರ ಖರ್ಚಿಗೆ, ಉಳಿತಾಯಕ್ಕೆ ಕಳಿಸುವ ಹಣದ ಕೋಡ್. ಉಳಿತಾಯ ಖಾತೆಗೆ ಡಾಲರ್ ಬಂದಾಗ, ನೀವು ಏನೂ ಹೇಳದಿದ್ದರೆ, ಇದೇ ಕೋಡ್ ಬಿದ್ದಿರುವುದನ್ನು ಕಾಣಬಹುದು. ಆಗ ನಿಮ್ಮ ಕೈಯಲ್ಲಿರುವ ಎಫ್‌ಐಆರ್‌ಎ ನಿಮಗೇ ವಿರುದ್ಧ ಸಾಕ್ಷಿ: ಸೇವೆಯ ರಫ್ತು ಎಂದು ನೀವು ಹೇಳುತ್ತೀರಿ, ಮನೆಖರ್ಚಿಗೆ ಬಂದ ಹಣ ಎಂದು ಅದು ಹೇಳುತ್ತದೆ.

ಎರಡು ಸಾವಿರ ಡಾಲರಿನ ಲೆಕ್ಕ

ಪರಿವರ್ತನೆಯಲ್ಲಿ ಹಣ ಎಲ್ಲಿ ಸೋರುತ್ತದೆ ಎಂಬುದನ್ನು ಒಂದು ಲೆಕ್ಕ ಹಾಕಿಯೇ ನೋಡಬೇಕು. ಇನ್‌ವಾಯ್ಸ್ 2,000 ಡಾಲರ್. ಆ ಹೊತ್ತಿನ ಮಾರುಕಟ್ಟೆ ದರ ಡಾಲರಿಗೆ 88 ರೂಪಾಯಿ ಎಂದಿಟ್ಟುಕೊಳ್ಳೋಣ. ಕಡಿತವೇ ಇಲ್ಲದಿದ್ದರೆ 1,76,000 ರೂಪಾಯಿ ಬರಬೇಕು.

ಕ್ಲೈಂಟಿನ ಬ್ಯಾಂಕಿಗೂ ನಿಮ್ಮ ಬ್ಯಾಂಕಿಗೂ ನೇರ ನಂಟು ಇರದಿದ್ದರೆ ನಡುವೆ ಇನ್ನೊಂದು ಬ್ಯಾಂಕ್ ಬರುತ್ತದೆ. ಅದು ತನ್ನ ಪಾಲು ಮುರಿದುಕೊಂಡೇ ಮುಂದೆ ಸಾಗಿಸುತ್ತದೆ. 20 ಡಾಲರ್ ಎನ್ನೋಣ. ನಿಮ್ಮ ಬ್ಯಾಂಕ್ ಕೈಗೆ ಸಿಗುವುದು 1,980. ಇದನ್ನು ಅದು ಕೊಳ್ಳುವುದು 88ಕ್ಕೆ ಅಲ್ಲ, ತನ್ನ ದರಪಟ್ಟಿಯಲ್ಲಿ ವೈರ್ ಹಣಕ್ಕೆ ಇಟ್ಟಿರುವ ಟಿಟಿ ಕೊಳ್ಳುವ ದರಕ್ಕೆ. ಅದು ಮಾರುಕಟ್ಟೆಗಿಂತ ಒಂದೂಕಾಲು ರೂಪಾಯಿ ಕೆಳಗೆ, 86.75 ಇದ್ದರೆ 1,71,765 ರೂಪಾಯಿ ಆಯಿತು. ನಾಣ್ಯ ಪರಿವರ್ತನೆಯ ಮೇಲೆ ಜಿಎಸ್‌ಟಿ ಇದೆ, ಆದರೆ ಅದನ್ನು ಇಡೀ ಮೊತ್ತದ ಮೇಲೆ ಹಾಕುವುದಿಲ್ಲ. ಲಕ್ಷದವರೆಗೆ ಶೇ 1, ಲಕ್ಷದಿಂದ ಹತ್ತು ಲಕ್ಷದವರೆಗೆ 1,000 ರೂಪಾಯಿ ಮತ್ತು ಲಕ್ಷ ಮೀರಿದ ಭಾಗದ ಶೇ 0.5 ಎಂದು ಮೊದಲು ಸೇವೆಯ ಬೆಲೆ ಕಟ್ಟಿ, ಆ ಬೆಲೆಯ ಮೇಲೆ ಶೇ 18 ಹಾಕುತ್ತಾರೆ. ಇಲ್ಲಿ ಬೆಲೆ ಸುಮಾರು 1,359, ತೆರಿಗೆ 245 ರೂಪಾಯಿ. ಒಳಪಾವತಿ ಶುಲ್ಕ 200 ಎಂದಿದ್ದರೆ ತೆರಿಗೆ ಸೇರಿ 236. ಕೊನೆಗೆ ಖಾತೆಗೆ ಬೀಳುವುದು 1,71,284 ರೂಪಾಯಿ.

ಹೋದದ್ದು 4,716. ಇದರಲ್ಲಿ ನಡುವಿನ ಬ್ಯಾಂಕಿನ ಪಾಲು 1,760, ಸ್ಟೇಟ್‌ಮೆಂಟಿನಲ್ಲಿ ಕಾಣುವ ಶುಲ್ಕ ಮತ್ತು ತೆರಿಗೆ ಎರಡೂ ಸೇರಿ 481, ದರದ ವ್ಯತ್ಯಾಸ 2,475. ಎಲ್ಲಕ್ಕಿಂತ ದೊಡ್ಡದು ಯಾವ ಸಾಲಿನಲ್ಲೂ ಬರೆದಿಲ್ಲ. ಬ್ಯಾಂಕಿನವರೊಂದಿಗೆ ಜನ ಜಗಳ ಆಡುವುದು ಮಾತ್ರ ಆ 200 ರೂಪಾಯಿ ಶುಲ್ಕದ ಬಗ್ಗೆ.

ಆದ್ದರಿಂದ ದಾರಿಗಳನ್ನು ಹೋಲಿಸುವಾಗ ಶುಲ್ಕ ನೋಡಬೇಡಿ, ಕೈಗೆ ಬಂದ ರೂಪಾಯಿಯನ್ನು ಇನ್‌ವಾಯ್ಸಿನ ಡಾಲರಿನಿಂದ ಭಾಗಿಸಿ. ಇಲ್ಲಿ 85.64 ಬರುತ್ತದೆ, ನಿಮ್ಮ ನಿಜವಾದ ದರ ಅದೇ. ಇದೇ ಕಡಿತಗಳೊಂದಿಗೆ 500 ಡಾಲರ್ ತರಿಸಿದರೆ ಆ ದರ 82.66ಕ್ಕೆ ಇಳಿಯುತ್ತದೆ, ಏಕೆಂದರೆ ನಡುವಿನ ಬ್ಯಾಂಕಿಗೆ 500 ಆದರೂ 20, ಎರಡು ಸಾವಿರ ಆದರೂ 20. ಚಿಕ್ಕ ಮೊತ್ತಗಳಿಗೆ ವೈರ್ ಒಗ್ಗುವುದಿಲ್ಲ. ತಿಂಗಳಿಗೆ ನಾಲ್ಕು ಸಲ ಬರುವುದನ್ನು ಒಂದೇ ಸಲ ತರಿಸಿಕೊಂಡರೆ ಅಷ್ಟು ಉಳಿತಾಯ.

ದರ ಕಡಿಮೆ ಬಂತೋ ಇಲ್ಲವೋ ಎಂದು ತಿಳಿಯಲು ಎಫ್‌ಬಿಐಎಲ್ ಎಂಬ ಸಂಸ್ಥೆ ಪ್ರತಿ ಕೆಲಸದ ದಿನ ಪ್ರಕಟಿಸುವ ಡಾಲರ್-ರೂಪಾಯಿ ಉಲ್ಲೇಖ ದರದ ಪಕ್ಕದಲ್ಲಿ ನಿಮ್ಮದನ್ನಿಟ್ಟು ನೋಡಿ. ಅದು ಯಾರೂ ನಿಮಗೆ ಕೊಡುವ ದರ ಅಲ್ಲ, ಅಳತೆಗೋಲು ಅಷ್ಟೇ. ಮೊತ್ತ ದೊಡ್ಡದಿದ್ದರೆ ಡಿಸ್ಪೋಸಲ್ ಉತ್ತರ ಕಳಿಸುವ ಮುನ್ನ ಶಾಖೆಯ ಫಾರೆಕ್ಸ್ ವಿಭಾಗಕ್ಕೆ ಫೋನ್ ಮಾಡಿ, ಟ್ರೆಷರಿಯಿಂದ ದರ ತರಿಸಿಕೊಡಿ ಎಂದು ಕೇಳಿ. ದರಪಟ್ಟಿಯ ದರ ಕೇಳದವರಿಗೆ ಕೊಡುವ ದರ. ಒಮ್ಮೆ ಪರಿವರ್ತನೆಯಾದ ಮೇಲೆ ಚೌಕಾಸಿ ಇಲ್ಲ.

ಇನ್ನು ಆ 20 ಡಾಲರ್. ಇನ್‌ವಾಯ್ಸಿನಲ್ಲಿ 2,000 ಇದೆ, ಪ್ರಮಾಣಪತ್ರದಲ್ಲಿ 1,980 ಇದೆ. ಉಳಿದದ್ದು ಎಲ್ಲಿ ಎಂದು ಅಧಿಕಾರಿ ಕೇಳಿದರೆ ಉತ್ತರ ಇರುವುದು ಸ್ವಿಫ್ಟ್ ಸಂದೇಶದ ಪ್ರತಿಯಲ್ಲಿ. ಬ್ಯಾಂಕಿನವರು ಅದನ್ನು ಎಂಟಿ103 ಎನ್ನುತ್ತಾರೆ; 2025ರ ನವೆಂಬರ್‌ವರೆಗೆ ಬಳಕೆಯಲ್ಲಿದ್ದ ನಮೂನೆಯ ಹೆಸರು ಅದು. ಅದರ ಈ ಸಾಲುಗಳನ್ನು ನೋಡಿ:

```
:32A:250912USD1980,00
:33B:USD2000,00
:70:INV 2025-014
:71A:SHA
:71F:USD20,00
```

33B ಕ್ಲೈಂಟ್ ಕಳಿಸಿದ ಮೊತ್ತ, 32A ತಲುಪಿದ ಮೊತ್ತ ಮತ್ತು ದಿನಾಂಕ, 71F ದಾರಿಯಲ್ಲಿ ಮುರಿದದ್ದು. 70ನೇ ಸಾಲಿನಲ್ಲಿ ಇನ್‌ವಾಯ್ಸ್ ಸಂಖ್ಯೆ ಕೂತಿದೆ. SHA ಎಂದರೆ ಖರ್ಚು ಇಬ್ಬರೂ ಹಂಚಿಕೊಳ್ಳುವುದು. ಕ್ಲೈಂಟ್ OUR ಆಯ್ಕೆ ಮಾಡಿದ್ದರೆ ಖರ್ಚೆಲ್ಲ ಅವನದು. ಎಂಟಿ103 ಹಣ ಹೊರಟದ್ದಕ್ಕೆ ಸಾಕ್ಷಿ, ಎಫ್‌ಐಆರ್‌ಎಗೆ ಬದಲಿ ಅಲ್ಲ. ಕ್ಲೈಂಟ್ ಕಳಿಸಿದ ಎಂಟಿ103 ಪಿಡಿಎಫ್ ಒಂದನ್ನೇ ರೀಫಂಡ್ ಅರ್ಜಿಗೆ ಲಗತ್ತಿಸಿ ಕೂರುವವರು ಈ ವ್ಯತ್ಯಾಸ ಮರೆತಿರುತ್ತಾರೆ.

ಪ್ಲಾಟ್‌ಫಾರ್ಮ್ ಮೂಲಕ ಬಂದಾಗ

ಮೊದಲಿಗೆ ಹೇಳಿದ ಕೌಂಟರಿನ ಪ್ರಸಂಗ ನಡೆಯುವುದು ಇಲ್ಲಿ. ಪಾವತಿ ಪ್ಲಾಟ್‌ಫಾರ್ಮ್ ನಿಮಗೆ ಅಮೆರಿಕದ ಖಾತೆ ಸಂಖ್ಯೆಯೊಂದನ್ನು ಕೊಡುತ್ತದೆ. ಕ್ಲೈಂಟ್ ಅಲ್ಲಿನ ಸ್ಥಳೀಯ ವರ್ಗಾವಣೆಯಂತೆ ಅದಕ್ಕೆ ಹಣ ಹಾಕುತ್ತಾನೆ. ಪ್ಲಾಟ್‌ಫಾರ್ಮ್ ನೂರಾರು ಜನರ ಡಾಲರನ್ನು ಒಟ್ಟುಗೂಡಿಸಿ ಭಾರತದಲ್ಲಿರುವ ತನ್ನ ಜೊತೆಗಾರ ಎಡಿ ಬ್ಯಾಂಕಿಗೆ ತರುತ್ತದೆ. ಆ ಬ್ಯಾಂಕ್ ಅದನ್ನು ರೂಪಾಯಿ ಮಾಡಿ ನಿಮ್ಮ ಖಾತೆಗೆ ನೆಫ್ಟ್ ಅಥವಾ ಐಎಂಪಿಎಸ್ ಮಾಡುತ್ತದೆ. ಡಾಲರ್ ಕೊಂಡದ್ದು ಆ ಜೊತೆಗಾರ ಬ್ಯಾಂಕ್. ನಿಮ್ಮ ಬ್ಯಾಂಕ್ ಕಂಡದ್ದು ರೂಪಾಯಿ ಮಾತ್ರ.

ಹಾಗಾಗಿ ಎಫ್‌ಐಆರ್‌ಎಯನ್ನು ಕೇಳಬೇಕಾದದ್ದು ಪ್ಲಾಟ್‌ಫಾರ್ಮನ್ನು. ಕೆಲವು ಪ್ರತಿ ವಹಿವಾಟಿಗೂ ತಾವಾಗಿಯೇ ಕೊಡುತ್ತವೆ, ಕೆಲವು ತಿಂಗಳಿಗೊಂದು ಒಟ್ಟುಪಟ್ಟಿ ಕೊಡುತ್ತವೆ, ಕೆಲವು ಹೆಚ್ಚುವರಿ ದುಡ್ಡು ಕೇಳುತ್ತವೆ. ಸೇರುವ ಮೊದಲೇ ಇದನ್ನು ವಿಚಾರಿಸಬೇಕು, ಮತ್ತು ಒಂದು ಮಾದರಿ ಪ್ರಮಾಣಪತ್ರ ತರಿಸಿ ನೋಡಬೇಕು. ಮೇಲ್ಭಾಗದಲ್ಲಿ ಭಾರತದ ಎಡಿ ಬ್ಯಾಂಕಿನ ಹೆಸರು ಇಲ್ಲದೆ ಪ್ಲಾಟ್‌ಫಾರ್ಮಿನದೇ ಲೋಗೋ ಇರುವ ಕಾಗದವನ್ನು ಪಾವತಿ ರಸೀದಿ ಎನ್ನಬಹುದು, ಪ್ರಮಾಣಪತ್ರ ಎನ್ನಲಾಗದು.

ಇಂಥ ಸಂಸ್ಥೆಗಳಿಗೆ 2023ರ ಅಕ್ಟೋಬರ್ 31ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕ್ ‘ಗಡಿಯಾಚೆಯ ಪೇಮೆಂಟ್ ಅಗ್ರಿಗೇಟರ್’ ಎಂಬ ಚೌಕಟ್ಟು ಮಾಡಿತು. ಒಂದು ಸೇವೆ ಅಥವಾ ಸರಕಿಗೆ ಗರಿಷ್ಠ 25 ಲಕ್ಷ ರೂಪಾಯಿ ಎಂಬ ಮಿತಿಯೂ ಅದರಲ್ಲಿತ್ತು. ಬಹುತೇಕ ಫ್ರೀಲಾನ್ಸರ್‌ಗಳಿಗೆ ಈ ಮಿತಿ ತಗಲುವುದಿಲ್ಲ.

ಈ ದಾರಿಯ ಒಂದು ಕಿರಿಕಿರಿ ಹೆಸರಿನದು. ಎಫ್‌ಐಆರ್‌ಎಯಲ್ಲಿ ಕಳಿಸಿದವರು ಎಂಬ ಜಾಗದಲ್ಲಿ ಕ್ಲೈಂಟಿನ ಬದಲು ಪ್ಲಾಟ್‌ಫಾರ್ಮಿನ ಹೆಸರು ಇರಬಹುದು, ಐದು ಇನ್‌ವಾಯ್ಸಿನ ಹಣ ಒಂದೇ ಮೊತ್ತವಾಗಿ ಬಂದಿರಬಹುದು. ಇದು ತಪ್ಪಲ್ಲ, ಆದರೆ ಕೊಂಡಿ ಕಳಚಿದಂತೆ ಕಾಣುತ್ತದೆ. ಕೊಂಡಿ ಹಾಕಬೇಕಾದವರು ನೀವು: ಇನ್‌ವಾಯ್ಸ್ ಸಂಖ್ಯೆ, ಪ್ಲಾಟ್‌ಫಾರ್ಮಿನ ವಹಿವಾಟು ಸಂಖ್ಯೆ, ಅವರು ಮುರಿದ ಶುಲ್ಕ, ಎಫ್‌ಐಆರ್‌ಎ ಸಂಖ್ಯೆ, ಬ್ಯಾಂಕಿನ ಯುಟಿಆರ್ ಎಂಬ ವರ್ಗಾವಣೆ ಸಂಖ್ಯೆ, ಇಷ್ಟನ್ನು ಒಂದೇ ಅಡ್ಡಸಾಲಿನಲ್ಲಿ ಬರೆದ ಶೀಟ್ ಇಡಿ. ಹಣ ಬಂದ ದಿನವೇ ತುಂಬಿದರೆ ಐದು ನಿಮಿಷದ ಕೆಲಸ. ವರ್ಷದ ಕೊನೆಗೆ ಕೂತರೆ ಒಂದು ಭಾನುವಾರ ಹಾಳು.

ಕೆಲವು ದಾರಿಗಳಲ್ಲಿ ಪ್ರಮಾಣಪತ್ರ ಹುಟ್ಟುವುದೇ ಇಲ್ಲ. ಕ್ಲೈಂಟಿನ ಪರವಾಗಿ ಬೆಂಗಳೂರಿನಲ್ಲಿರುವ ಅವನ ಗೆಳೆಯ ಯುಪಿಐ ಮಾಡಿದರೆ, ಕ್ರಿಪ್ಟೋ ಕಾಯಿನ್‌ನಲ್ಲಿ ಪಡೆದು ಇಲ್ಲಿ ಮಾರಿದರೆ, ಯಾವ ಎಡಿ ಬ್ಯಾಂಕೂ ವಿದೇಶಿ ಹಣವನ್ನು ಕಂಡಿಲ್ಲ. ಕೆಲಸ ವಿದೇಶಿ ಕ್ಲೈಂಟಿನದೇ ಆದರೂ ಆಮೇಲೆ ಯಾರ ಕೈಕಾಲು ಹಿಡಿದರೂ ಎಫ್‌ಐಆರ್‌ಎ ಸಿಗದು.

ಕೈಗೆ ಬಂದ ಪತ್ರವನ್ನು ಓದುವುದು

ನೇರ ವೈರ್ ಆದರೆ ಅನೇಕ ಬ್ಯಾಂಕುಗಳ ನೆಟ್‌ಬ್ಯಾಂಕಿಂಗ್‌ನಲ್ಲಿ ಒಳಪಾವತಿ ಅಥವಾ ಟ್ರೇಡ್ ವಿಭಾಗದಲ್ಲೇ ಪತ್ರ ಇಳಿಸಿಕೊಳ್ಳಬಹುದು. ಇಲ್ಲದಿದ್ದರೆ ಉಲ್ಲೇಖ ಸಂಖ್ಯೆ, ದಿನಾಂಕ, ಮೊತ್ತ ಬರೆದು ಶಾಖೆಗೆ ಇಮೇಲ್ ಮಾಡಿ. ಬಂದ ಕೂಡಲೇ ಕಳಿಸಿದವರ ಹೆಸರು, ನಿಮ್ಮ ಹೆಸರಿನ ಅಕ್ಷರಗಳು, ವಿದೇಶಿ ಮೊತ್ತ, ಪರಿವರ್ತನೆಯ ದರ, ಜಮೆಯಾದ ರೂಪಾಯಿ, ಪರ್ಪಸ್ ಕೋಡ್ ಓದಿ. ಕೋಡ್ ತಪ್ಪಾಗಿದ್ದರೆ ಇನ್‌ವಾಯ್ಸ್ ಲಗತ್ತಿಸಿ ತಿದ್ದುಪಡಿ ಕೋರಿ. ಬ್ಯಾಂಕ್ ರಿಸರ್ವ್ ಬ್ಯಾಂಕಿಗೆ ಮಾಡಿದ ವರದಿಯನ್ನೂ ಸರಿಪಡಿಸಬೇಕಾಗುವುದರಿಂದ, ದಿನ ಕಳೆದಷ್ಟೂ ಅವರಿಗೆ ಕೆಲಸ ಹೆಚ್ಚು, ಉತ್ಸಾಹ ಕಡಿಮೆ.

ಇಬಿಆರ್‌ಸಿ ಬೇಕಾದವರಿಗೆ ಐಇಸಿ ಇರಬೇಕು. ಅದು ಆಮದು-ರಫ್ತು ಸಂಖ್ಯೆ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ, ಅಂದರೆ ಡಿಜಿಎಫ್‌ಟಿಯ ಜಾಲತಾಣದಲ್ಲಿ 500 ರೂಪಾಯಿ ಶುಲ್ಕಕ್ಕೆ ಸಿಗುತ್ತದೆ, ಸಂಖ್ಯೆ ನಿಮ್ಮ ಪ್ಯಾನ್‌ನದೇ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ವಿವರಗಳನ್ನು ದೃಢಪಡಿಸದಿದ್ದರೆ ನಿಷ್ಕ್ರಿಯವಾಗುತ್ತದೆ. ಮೊದಲು ಇಬಿಆರ್‌ಸಿಯನ್ನು ಬ್ಯಾಂಕೇ ಹಾಕಬೇಕಿತ್ತು. 2023ರ ನವೆಂಬರ್‌ನಿಂದ ಕ್ರಮ ಬದಲಾಗಿದೆ: ಬ್ಯಾಂಕ್ ಒಳಪಾವತಿಯ ಸಂದೇಶವನ್ನು, ಅಂದರೆ ಐಆರ್‌ಎಂ, ಡಿಜಿಎಫ್‌ಟಿಗೆ ಕಳಿಸುತ್ತದೆ, ನೀವು ಲಾಗಿನ್ ಆಗಿ ಆ ಐಆರ್‌ಎಂ ಎದುರು ನಿಮ್ಮ ಇನ್‌ವಾಯ್ಸ್ ಜೋಡಿಸಿ ಸ್ವಯಂ ದೃಢೀಕರಿಸುತ್ತೀರಿ. ಅಲ್ಲಿ ಐಆರ್‌ಎಂ ಕಾಣದಿದ್ದರೆ ದೋಷ ಜಾಲತಾಣದ್ದೆಂದು ಕಾಯುತ್ತ ಕೂರಬೇಡಿ. ನಿಮ್ಮ ಖಾತೆಗೆ ಐಇಸಿ ಜೋಡಣೆಯಾಗಿದೆಯೇ, ಸಂದೇಶ ಹೋಗಿದೆಯೇ ಎಂದು ಡಾಲರ್ ಕೊಂಡ ಬ್ಯಾಂಕನ್ನು ಕೇಳಿ.

ಇಷ್ಟೆಲ್ಲ ಯಾಕೆ ಬೇಕು ಎಂದರೆ, ಐಜಿಎಸ್‌ಟಿ ಕಾಯ್ದೆಯ ಕಲಂ 2(6)ರ ಪ್ರಕಾರ ಸೇವೆಯೊಂದು ರಫ್ತು ಎನಿಸಲು ಇರುವ ಐದು ಷರತ್ತುಗಳಲ್ಲಿ ಒಂದು, ಹಣ ಪರಿವರ್ತನೀಯ ವಿದೇಶಿ ವಿನಿಮಯದಲ್ಲಿ, ಇಲ್ಲವೇ ರಿಸರ್ವ್ ಬ್ಯಾಂಕ್ ಒಪ್ಪಿದ ಕಡೆ ರೂಪಾಯಿಯಲ್ಲಿ ಬಂದಿರಬೇಕು ಎಂಬುದು. ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಕೊಟ್ಟು ತೆರಿಗೆ ಹಾಕದೆ ಇನ್‌ವಾಯ್ಸ್ ಮಾಡಿದವರು ಆ ಷರತ್ತು ಪೂರೈಸಿದ್ದಕ್ಕೆ ಇದೇ ಪತ್ರ ತೋರಿಸಬೇಕು. ಸಾಫ್ಟ್‌ವೇರ್ ಚಂದಾ ಇತ್ಯಾದಿಗಳ ಮೇಲೆ ಕಟ್ಟಿದ ಜಿಎಸ್‌ಟಿಯ ಪೈಕಿ ವಾಪಸ್ ಸಿಗುವಂಥದ್ದನ್ನು ಕೇಳುವ RFD-01 ಅರ್ಜಿಯಲ್ಲೂ ಇನ್‌ವಾಯ್ಸಿನ ಎದುರು ಇದರ ಸಂಖ್ಯೆ ತುಂಬಬೇಕು. ಕೆಲಸ ಮುಗಿಸಿದ ಮೇಲೆ ಹಣ ಬಂದ ಪ್ರಕರಣಗಳಲ್ಲಿ ರೀಫಂಡಿನ ಎರಡು ವರ್ಷದ ಗಡುವು ಎಣಿಕೆಯಾಗುವುದು ಹಣ ಬಂದ ದಿನದಿಂದ; ಇನ್‌ವಾಯ್ಸಿನ ದಿನದಿಂದಲ್ಲ. ಮುಂಗಡ ಪಡೆದಿದ್ದರೆ ಮಾತ್ರ ಇನ್‌ವಾಯ್ಸಿನ ದಿನದಿಂದ.

ದರ ಏರಲಿ ಎಂದು ಡಾಲರನ್ನು ಹಾಗೇ ಇಡಬಹುದೇ ಎಂದು ಕೇಳುವವರಿಗೆ ಇಇಎಫ್‌ಸಿ ಎಂಬ ವಿದೇಶಿ ನಾಣ್ಯದ ಖಾತೆ ಇದೆ. ಬಂದ ವಿದೇಶಿ ಹಣ ಪೂರ್ತಿ ಅದರಲ್ಲಿ ಇಡಬಹುದು, ಬಡ್ಡಿ ಇಲ್ಲ. ಆದರೆ ಒಂದು ತಿಂಗಳಲ್ಲಿ ಬಂದದ್ದರಲ್ಲಿ ವಿದೇಶಿ ಪಾವತಿಗಳಿಗೆ ಬಳಸಿ ಉಳಿದದ್ದನ್ನು ಮುಂದಿನ ತಿಂಗಳ ಕೊನೆಯ ದಿನದೊಳಗೆ ರೂಪಾಯಿ ಮಾಡಲೇಬೇಕು. ಸೆಪ್ಟೆಂಬರ್ 12ಕ್ಕೆ ಬಂದ ಆ 1,980 ಡಾಲರನ್ನು ಹೆಚ್ಚೆಂದರೆ ಅಕ್ಟೋಬರ್ 31ರವರೆಗೆ ಹಿಡಿದಿಡಬಹುದು. ದರದ ಮೇಲೆ ಜೂಜಾಡಲು ಇದು ತೀರಾ ಕಡಿಮೆ ಕಾಲ. ವಿದೇಶಿ ಸರ್ವರ್ ಬಾಡಿಗೆ, ಸಾಫ್ಟ್‌ವೇರ್ ಚಂದಾ ಎಂದು ಡಾಲರಿನಲ್ಲೇ ಖರ್ಚಿರುವವರಿಗೆ ಮಾತ್ರ ಈ ಖಾತೆಯ ಗೋಜು ಲಾಭದ್ದು: ಮಾರುವಾಗಲೂ ಕೊಳ್ಳುವಾಗಲೂ ಎರಡು ಸಲ ತೆರಬೇಕಿದ್ದ ಒಂದೂಕಾಲು ರೂಪಾಯಿ ಉಳಿಯುತ್ತದೆ.